ಸರಾಸರಿ ಐದು ಪದ: ನಾನೇ ಎಳೆದ ಗೆರೆಯ ಬಗ್ಗೆ

ನಮ್ಮ ಬೋಧನಾಭ್ಯಾಸದ ದಾಖಲೆ ಪುಸ್ತಕದಲ್ಲಿ ಕನ್ನಡ ಪಾಠಯೋಜನೆಯ ಪುಟದ ಬಲಮೂಲೆಗೆ ಒಂದು ಸಣ್ಣ ಚೌಕವಿದೆ. ಪ್ರಶಿಕ್ಷಣಾರ್ಥಿಯು ತಾನು ಸಿದ್ಧಪಡಿಸಿದ ಓದುಭಾಗದಲ್ಲಿ ಒಂದು ವಾಕ್ಯಕ್ಕೆ ಸರಾಸರಿ ಎಷ್ಟು ಪದ, ಅಪರೂಪದ ಪದಗಳು ಎಷ್ಟು ಎಂಬುದನ್ನು ಅಲ್ಲಿ ಬರೆಯಬೇಕು. ಮೂರನೆಯ ತರಗತಿಯ ಹಂತದ ಓದುಪುಸ್ತಕಕ್ಕಾದರೆ ಸರಾಸರಿ 5 ಪದ ಮೀರಬಾರದು. ಮೀರಿದರೆ ಅಂಕ ಕಡಿಮೆಯಾಗುತ್ತದೆ. ಕೆಲವು ವರ್ಷಗಳ ಹಿಂದೆ ಈ ಚೌಕವನ್ನು ಸೇರಿಸಿದವಳು ನಾನೇ. ಅದನ್ನು ಈಗಿರುವ ರೂಪದಲ್ಲಿ ತೆಗೆದುಹಾಕಬೇಕೆಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ಈ ವರ್ಷದ ಮೊದಲ ಸುತ್ತಿನಲ್ಲಿ ಒಬ್ಬ ಪ್ರಶಿಕ್ಷಣಾರ್ಥಿ ಮೂರನೆಯ ತರಗತಿಗೆಂದು ಒಂದು ಪುಟ್ಟ ಕಥೆ ಬರೆದು ತಂದಿದ್ದಳು. ಅದರ ಆರಂಭ ಹೀಗಿತ್ತು:

"ಮಳೆ ಜೋರಾಗಿ ಬರುತ್ತಿದ್ದುದರಿಂದ ಅಜ್ಜಿ ಮೇಕೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿ ಬಂದಳು. ಆದರೆ ಹಗ್ಗ ಹಳೆಯದಾಗಿತ್ತು, ಹಾಗಾಗಿ ರಾತ್ರಿ ಮೇಕೆ ಅದನ್ನು ಕಿತ್ತುಕೊಂಡು ಹೊರಗೆ ಹೋಯಿತು. ಬೆಳಿಗ್ಗೆ ಎದ್ದ ಅಜ್ಜಿ ಖಾಲಿ ಕೊಟ್ಟಿಗೆಯನ್ನು ನೋಡಿ ಗಾಬರಿಯಾದಳು."

ಮೂರು ವಾಕ್ಯ, 25 ಪದ. ಸರಾಸರಿ 8.3. ನಾನು ಕೆಂಪು ಶಾಯಿಯಲ್ಲಿ ಆ ಅಂಕಿಗೆ ಸುತ್ತು ಹಾಕಿ, ವಾಕ್ಯಗಳನ್ನು ಒಡೆಯುವಂತೆ ಸೂಚಿಸಿದೆ. ಮಾರನೆಯ ದಿನ ಅವಳು ತಂದ ರೂಪ ಇದು:

"ಮಳೆ ಜೋರಾಗಿ ಬಂತು. ಅಜ್ಜಿ ಮೇಕೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿದಳು. ಹಗ್ಗ ಹಳೆಯದು. ರಾತ್ರಿ ಮೇಕೆ ಹೊರಗೆ ಹೋಯಿತು. ಅಜ್ಜಿ ಬೆಳಿಗ್ಗೆ ಎದ್ದಳು. ಕೊಟ್ಟಿಗೆ ಖಾಲಿ. ಅಜ್ಜಿಗೆ ಗಾಬರಿಯಾಯಿತು."

ಏಳು ವಾಕ್ಯ, 20 ಪದ, ಸರಾಸರಿ 2.9. ಚೌಕ ತುಂಬಿತು, ಅಂಕ ಸಿಕ್ಕಿತು. ಆ ಪಾಠವನ್ನು ವೀಕ್ಷಿಸಲು ನಾನೇ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಮಕ್ಕಳು ಸರಾಗವಾಗಿ ಓದಿದರು. ಒಂದೊಂದು ವಾಕ್ಯಕ್ಕೂ ನಿಲ್ಲಿಸಿ, ಉಸಿರು ತೆಗೆದುಕೊಂಡು, ಹಾಜರಿ ಕೂಗುವ ಹಾಗೆ ಓದಿದರು. ಆಮೇಲೆ ಅವಳು ಕೇಳಿದ ಮೊದಲ ಪ್ರಶ್ನೆ, "ಮೇಕೆ ಹೇಗೆ ತಪ್ಪಿಸಿಕೊಂಡಿತು?" ಎಂದು. "ಯಾರೋ ಬಿಚ್ಚಿಬಿಟ್ರು ಮಿಸ್" ಎಂದ ಒಬ್ಬ. "ಮಳೆಗೆ ಹೆದರ್ಕೊಂಡು ಓಡೋಯ್ತು" ಎಂದಳು ಇನ್ನೊಬ್ಬಳು. "ಅಜ್ಜಿ ಬಾಗ್ಲು ಹಾಕೋದು ಮರ್ತಿದ್ಲು" ಎಂಬ ಉತ್ತರವೂ ಬಂತು. ಹಗ್ಗದ ಮಾತೆತ್ತಿದವರು ನಾಲ್ಕೈದು ಮಕ್ಕಳು ಮಾತ್ರ.

ಮಕ್ಕಳ ತಪ್ಪೇನೂ ಇರಲಿಲ್ಲ. ಎರಡನೆಯ ರೂಪದಲ್ಲಿ ಮೇಕೆ ಹಗ್ಗ ಕಿತ್ತುಕೊಂಡಿತೆಂದು ಎಲ್ಲಿಯೂ ಹೇಳಿಲ್ಲ. ಹಗ್ಗ ಹಳೆಯದು ಎಂಬ ವಾಕ್ಯವಿದೆ, ಮೇಕೆ ಹೊರಗೆ ಹೋಯಿತು ಎಂಬ ವಾಕ್ಯವಿದೆ, ಇವೆರಡನ್ನೂ ಜೋಡಿಸುವ ಕೆಲಸ ಓದುವ ಮಗುವಿನ ಪಾಲಿಗೆ ಬಿದ್ದಿದೆ. ಮೊದಲ ರೂಪದಲ್ಲಿ ಆ ಕೆಲಸವನ್ನು "ಆದರೆ", "ಹಾಗಾಗಿ", "ಕಿತ್ತುಕೊಂಡು" ಎಂಬ ಮೂರು ಪದಗಳು ಮಾಡುತ್ತಿದ್ದವು. ಸರಾಸರಿ ಇಳಿಸಲು ನಾವು ಕತ್ತರಿಸಿದ್ದು ಅವನ್ನೇ. ದೊಡ್ಡವರು ಓದುವಾಗ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಬಿಟ್ಟುಹೋದ ಕೊಂಡಿಯನ್ನು ನಾವು ಗೊತ್ತಿಲ್ಲದೆಯೇ ತುಂಬಿಕೊಂಡು ಓದುತ್ತೇವೆ. ನಾನೂ ಹಾಗೆಯೇ ತುಂಬಿಕೊಂಡು ಓದಿ ಅಂಕ ಕೊಟ್ಟಿದ್ದೆ.

ಅಮೆರಿಕದಲ್ಲಿ ಇದೇ ಅನುಭವ ಬಹಳ ಹಿಂದೆಯೇ ಆಗಿತ್ತು. 1982ರಲ್ಲಿ ಆಲಿಸ್ ಡೇವಿಸನ್ ಮತ್ತು ರಾಬರ್ಟ್ ಕ್ಯಾಂಟರ್ ಎಂಬಿಬ್ಬರು ಮೂಲ ಬರಹಗಳನ್ನೂ, ಕೆಳಗಿನ ಹಂತದ ಓದುಗರಿಗಾಗಿ ಅವನ್ನು ಸರಳಗೊಳಿಸಿದ ರೂಪಗಳನ್ನೂ ಪಕ್ಕಪಕ್ಕದಲ್ಲಿಟ್ಟು ಪರಿಶೀಲಿಸಿದರು. ಸೂತ್ರದ ಅಂಕಿಗೆ ಹೊಂದಿಸಲು ವಾಕ್ಯಗಳನ್ನು ಒಡೆದಾಗ ಕಾರಣ ಮತ್ತು ಪರಿಣಾಮದ ನಂಟು ಕಳಚಿ, ಬರಹ ಎಷ್ಟೋ ಕಡೆ ಮೊದಲಿಗಿಂತ ಕಷ್ಟವಾಗುತ್ತದೆ ಎಂಬುದು ಅವರು ಕಂಡ ವಿಷಯ. ಉದ್ದ ವಾಕ್ಯವು ಕಷ್ಟದ ಬರಹದಲ್ಲಿ ಸಾಮಾನ್ಯವಾಗಿ ಕಾಣಸಿಗುವ ಗುರುತು ನಿಜ. ಗುರುತನ್ನು ಅಳಿಸಿದರೆ ಕಷ್ಟ ಅಳಿಸಿದಂತಲ್ಲ. ಥರ್ಮಾಮೀಟರನ್ನು ತಣ್ಣೀರಿಗೆ ಅದ್ದಿ ಜ್ವರ ಇಳಿಯಿತೆಂದು ಬರೆದುಕೊಂಡ ಹಾಗಾಗುತ್ತದೆ.

ಹಾಗಾದರೆ ಆ 5 ಎಂಬ ಅಂಕಿ ಎಲ್ಲಿಂದ ಬಂತು? ಹೇಳಲು ಸಂಕೋಚವಾಗುತ್ತದೆ. ಇಂಗ್ಲಿಷಿನ ಹಂತವಾರು ಓದುಪುಸ್ತಕಗಳಲ್ಲಿ ಆ ವಯಸ್ಸಿಗೆ ಏಳೆಂಟು ಪದಗಳ ವಾಕ್ಯಗಳನ್ನು ನೋಡಿದ್ದೆ. ಕನ್ನಡದ ಪದಗಳು ಉದ್ದ, ಆದ್ದರಿಂದ ಸ್ವಲ್ಪ ಕಡಿಮೆ ಇರಲಿ ಎಂದು 5 ಹಾಕಿದೆ. ಅದಕ್ಕಿಂತ ಹೆಚ್ಚಿನ ಆಧಾರ ಇರಲಿಲ್ಲ.

ಇಂಗ್ಲಿಷಿನ ಅಳತೆಯನ್ನು ಕನ್ನಡಕ್ಕೆ ತಂದರೆ ಏನಾಗುತ್ತದೆಂದು ಈಚೆಗೆ ತರಗತಿಯಲ್ಲಿ ಕರಿಹಲಗೆಯ ಮೇಲೆ ಮಾಡಿ ತೋರಿಸಿದೆ. 1948ರಲ್ಲಿ ರುಡಾಲ್ಫ್ ಫ್ಲೆಶ್ ರೂಪಿಸಿದ ಸೂತ್ರ ಬಹಳ ಪ್ರಸಿದ್ಧವಾದುದು. 206.835ರಿಂದ ಎರಡು ಸಂಖ್ಯೆಗಳನ್ನು ಕಳೆಯಬೇಕು: ವಾಕ್ಯದ ಸರಾಸರಿ ಪದಗಳನ್ನು 1.015ರಿಂದ ಗುಣಿಸಿದ್ದು ಒಂದು, ಪದದ ಸರಾಸರಿ ಉಚ್ಚಾರಾಂಶಗಳನ್ನು 84.6ರಿಂದ ಗುಣಿಸಿದ್ದು ಇನ್ನೊಂದು. ಉತ್ತರ 100ರ ಹತ್ತಿರವಿದ್ದರೆ ತೀರ ಸುಲಭ, 30ಕ್ಕಿಂತ ಕೆಳಗಿದ್ದರೆ ತೀರ ಕಷ್ಟ. ನಮ್ಮ ಮೇಕೆಯ ಎರಡನೆಯ ರೂಪವನ್ನೇ ತೆಗೆದುಕೊಳ್ಳಿ, ಅಂದರೆ ಹಾಜರಿ ಕೂಗುವ ಹಾಗೆ ಓದಬಹುದಾದದ್ದು. ಅದರ 20 ಪದಗಳಲ್ಲಿ 60 ಉಚ್ಚಾರಾಂಶಗಳಿವೆ, ಪದಕ್ಕೆ 3. ಲೆಕ್ಕ ಹಾಕಿದರೆ ಉತ್ತರ ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 50. ಇಂಗ್ಲಿಷಿನ ಅತ್ಯಂತ ಜಟಿಲ ಬರಹಕ್ಕಿಂತಲೂ "ಕೊಟ್ಟಿಗೆ ಖಾಲಿ" ಎಂಬುದು ಕಷ್ಟ ಎಂದಾಯಿತು! ತರಗತಿ ನಕ್ಕಿತು. ನಗುವಾಗ ನನ್ನ 5 ಕೂಡ ಇದೇ ಜಾತಿಯ ಅಂಕಿ ಎಂಬುದು ಹೊಳೆಯಿತು. ಫ್ಲೆಶ್ ಹಾಕಿದ ಗುಣಕಗಳು ಇಂಗ್ಲಿಷ್ ಓದುಭಾಗಗಳನ್ನು ಇಂಗ್ಲಿಷ್ ಓದುವವರ ಅರ್ಥಗ್ರಹಣದೊಂದಿಗೆ ಹೋಲಿಸಿ ಪಡೆದಂಥವು. ಆ ಹೋಲಿಕೆಯ ಕೆಲಸ ಮಾಡದೆ ಅಂಕಿಯನ್ನಷ್ಟೇ ಎತ್ತಿಕೊಂಡರೆ ಅದಕ್ಕೆ ಅರ್ಥವಿಲ್ಲ.

ಕನ್ನಡದಲ್ಲಿ ಪದಗಳನ್ನು ಎಣಿಸುವುದೇ ಒಂದು ತಕರಾರಿನ ವಿಷಯ. "ಮನೆಗೆ ಹೋಗ ಬೇಕಾಗಿ ಬಂತು" ಎಂದು ಬಿಡಿಸಿ ಬರೆದರೆ 4 ಪದ, "ಮನೆಗೆ ಹೋಗಬೇಕಾಗಿ ಬಂತು" ಎಂದರೆ 3, ಎಲ್ಲವನ್ನೂ ಕೂಡಿಸಿ "ಮನೆಗೆ ಹೋಗಬೇಕಾಗಿಬಂತು" ಎಂದರೆ 2. ಓದುವ ಬಾಯಿಗೂ ಕೇಳುವ ಕಿವಿಗೂ ಮೂರೂ ಒಂದೇ. ಕೀಲಿಮಣೆಯ ಮೇಲೆ ಯಾರ ಬೆರಳು ಎಲ್ಲಿ ಜಾಗ ಬಿಟ್ಟಿತು ಎಂಬುದರ ಮೇಲೆ ಹಂತ ನಿರ್ಧಾರವಾಗುತ್ತದೆ. ಪದಗಳನ್ನು ಅಂಟಿಸಿ ಬರೆದರೆ ಸರಾಸರಿ ಇಳಿಯುತ್ತದೆ ಎಂಬ ಉಪಾಯವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ನನಗಿಂತ ಮೊದಲೇ ಕಂಡುಕೊಂಡಿದ್ದರು. ಆ ವರ್ಷದ ದಾಖಲೆ ಪುಸ್ತಕಗಳಲ್ಲಿ ರೈಲುಗಾಡಿಯಂಥ ಪದಗಳು ಏಕೆ ಹೆಚ್ಚಾದವೆಂದು ನನಗೆ ಬಹಳ ತಡವಾಗಿ ತಿಳಿಯಿತು.

ಎಣಿಕೆ ಸರಿಯಾಗಿದ್ದರೂ ಉದ್ದವೊಂದೇ ಸಾಲದು. ಈ ಎರಡು ವಾಕ್ಯಗಳನ್ನು ಮೂರನೆಯ ತರಗತಿಯ ಮಕ್ಕಳಿಗೆ ಓದಿಸಿ ನೋಡಿ. ಒಂದು: "ರಾಮು ಎದ್ದು ಮುಖ ತೊಳೆದು ಹಾಲು ಕುಡಿದು ಚೀಲ ಹಿಡಿದು ಶಾಲೆಗೆ ಹೋದ." ಇನ್ನೊಂದು: "ನಿನ್ನೆ ಅಪ್ಪ ತಂದ ಹಣ್ಣನ್ನು ತಿಂದ ನಾಯಿಯನ್ನು ಬೆಕ್ಕು ಅಟ್ಟಿತು." ಮೊದಲನೆಯದು 10 ಪದ, ಎರಡನೆಯದು 8. ಸೂತ್ರದ ಪ್ರಕಾರ ಎರಡನೆಯದು ಸುಲಭ. ಮಕ್ಕಳು ಮೊದಲನೆಯದನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ. ಮನೆಯಲ್ಲಿ ಅಜ್ಜಿ ಕಥೆ ಹೇಳುವುದೇ ಹಾಗೆ, "ಎದ್ದು, ಹೋಗಿ, ನೋಡಿ, ಬಂದು" ಎಂದು ಮಣಿ ಪೋಣಿಸಿದಂತೆ. ಎರಡನೆಯದನ್ನು ಓದಿದ ಮೇಲೆ ಯಾರು ಯಾರನ್ನು ಅಟ್ಟಿದ್ದು ಎಂದು ಕೇಳಿದರೆ ಅನೇಕರು ನಾಯಿ ಬೆಕ್ಕನ್ನು ಅಟ್ಟಿತೆನ್ನುತ್ತಾರೆ. ಲೋಕದಲ್ಲಿ ನಡೆಯುವುದೂ ಹಾಗೆಯೇ ಆದ್ದರಿಂದ, ವಾಕ್ಯ ಅರ್ಥವಾಗದಿದ್ದಾಗ ಮಗು ಲೋಕಾನುಭವವನ್ನು ನೆಚ್ಚಿಕೊಂಡು ಊಹಿಸುತ್ತದೆ.

ಕೆಲಕಾಲ ನಾನು ಪದಗಳ ಬದಲು ಕ್ರಿಯೆಗಳನ್ನು ಎಣಿಸೋಣ ಎಂದುಕೊಂಡಿದ್ದೆ. ಕ್ರಿಯಾಪದ, ಕೃದಂತ ಎಲ್ಲ ಸೇರಿಸಿ ವಾಕ್ಯಕ್ಕೆ ಎಷ್ಟು ಎಂದು. ಅದೂ ಈ ಜೋಡಿಯ ಮುಂದೆ ನಿಲ್ಲುವುದಿಲ್ಲ. ರಾಮುವಿನ ವಾಕ್ಯದಲ್ಲಿ ಎದ್ದು, ತೊಳೆದು, ಕುಡಿದು, ಹಿಡಿದು, ಹೋದ ಎಂದು ಐದು ಕ್ರಿಯೆ. ಬೆಕ್ಕಿನ ವಾಕ್ಯದಲ್ಲಿ ತಂದ, ತಿಂದ, ಅಟ್ಟಿತು ಎಂದು ಮೂರೇ. ವ್ಯತ್ಯಾಸ ಇರುವುದು ಕೆಲಸ ಮಾಡುವವರು ಎಷ್ಟು ಮಂದಿ ಎಂಬುದರಲ್ಲಿ. ಮೊದಲನೆಯದರಲ್ಲಿ ಎಲ್ಲ ಐದು ಕೆಲಸಗಳನ್ನೂ ರಾಮು ಒಬ್ಬನೇ, ನಡೆದ ಕ್ರಮದಲ್ಲೇ ಮಾಡುತ್ತಾನೆ. ಎರಡನೆಯದರಲ್ಲಿ ತಂದವನು ಅಪ್ಪ, ತಿಂದದ್ದು ನಾಯಿ, ಅಟ್ಟಿದ್ದು ಬೆಕ್ಕು. ಮೂವರನ್ನೂ ಮನಸ್ಸಿನಲ್ಲಿ ಹಿಡಿದುಕೊಂಡು ವಾಕ್ಯದ ಕೊನೆಯ ತನಕ ಹೋಗಬೇಕು. "ಹಣ್ಣನ್ನು ತಿಂದ" ಎಂಬಲ್ಲಿಗೆ ಬಂದಾಗ ತಿಂದವನು ಅಪ್ಪನೇ ಎಂದು ಮಗು ತೀರ್ಮಾನಿಸಿರುತ್ತದೆ, ಮುಂದಿನ ಪದಕ್ಕೆ ಬಂದೊಡನೆ ಆ ತೀರ್ಮಾನವನ್ನು ಬಿಡಬೇಕಾಗುತ್ತದೆ. ಆದ್ದರಿಂದ ಒಂದು ವಾಕ್ಯದೊಳಗೆ ಕರ್ತೃ ಎಷ್ಟು ಸಲ ಬದಲಾಗುತ್ತಾನೆ ಎಂಬ ಎಣಿಕೆ, ಪದಗಳ ಎಣಿಕೆಗಿಂತ ನಮ್ಮ ಭಾಷೆಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಮೇಕೆಯ ಮೊದಲ ರೂಪದಲ್ಲಿ ಯಾವ ವಾಕ್ಯದಲ್ಲೂ ಇಬ್ಬರಿಗಿಂತ ಹೆಚ್ಚು ಕರ್ತೃಗಳಿಲ್ಲ: ಮಳೆ ಮತ್ತು ಅಜ್ಜಿ, ಹಗ್ಗ ಮತ್ತು ಮೇಕೆ, ಕೊನೆಯಲ್ಲಿ ಅಜ್ಜಿ ಒಬ್ಬಳೇ. ಆ ಹುಡುಗಿ ಬರೆದದ್ದು ಮೊದಲೇ ಸರಿಯಿತ್ತು, ಬಹುಮಟ್ಟಿಗೆ.

ಬಹುಮಟ್ಟಿಗೆ ಎಂದೆ. ಅಲ್ಲಿ ಒಂದು ತೊಡಕು ನಿಜವಾಗಿಯೂ ಇತ್ತು, ಅದು ನನ್ನನ್ನು ಎರಡನೆಯ ಅಳತೆಗೆ, ಪದಗಳ ಅಪರೂಪತೆಗೆ ತರುತ್ತದೆ.

ಅಪರೂಪದ ಪದ ಯಾವುದೆಂದು ಗುರುತಿಸಲು ನಾವು ಹಿಂದಿನ ವರ್ಷಗಳ ಪ್ರಶಿಕ್ಷಣಾರ್ಥಿಗಳು ಸಂಗ್ರಹಿಸಿದ ಮಕ್ಕಳ ಕಥೆಗಳನ್ನು ಬೆರಳಚ್ಚು ಮಾಡಿಸಿ, ಪ್ರತಿ ಪದ ಎಷ್ಟು ಬಾರಿ ಬಂದಿದೆ ಎಂಬ ಪಟ್ಟಿ ಇಟ್ಟುಕೊಂಡಿದ್ದೇವೆ. ಎರಡಕ್ಕಿಂತ ಕಡಿಮೆ ಬಾರಿ ಬಂದದ್ದು ಅಪರೂಪ. ಆಲೋಚನೆ ಸರಳವಾದದ್ದು, ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವುದೂ ಹೌದು. ಇಂಗ್ಲಿಷ್ ಓದುಪುಸ್ತಕಗಳ ಹಂತ ನಿಗದಿಗೆ ಬಳಸುವ ಲೆಕ್ಸೈಲ್ ಎಂಬ ಅಳತೆ ವಾಕ್ಯದ ಉದ್ದ ಮತ್ತು ಪದದ ಬಳಕೆಯ ಪ್ರಮಾಣ ಎಂಬ ಈ ಎರಡರ ಮೇಲೆಯೇ ನಿಂತಿದೆ. ಆದರೆ ನಮ್ಮ ಪಟ್ಟಿಯನ್ನು ಮೇಕೆಯ ಕಥೆಗೆ ಹಿಡಿದಾಗ ಆದದ್ದನ್ನು ನೋಡಿ. "ಕೊಟ್ಟಿಗೆಯಲ್ಲಿ" ಪರಿಚಿತ ಪದವೆಂದು ಬಂತು, "ಕೊಟ್ಟಿಗೆಯನ್ನು" ಅಪರೂಪವೆಂದು ಬಂತು. ಕಥೆಗಳಲ್ಲಿ ದನಕರು ಕೊಟ್ಟಿಗೆಯಲ್ಲಿ ಇರುತ್ತವೆ, ಕೊಟ್ಟಿಗೆಯನ್ನು ಯಾರೂ ಏನೂ ಮಾಡುವುದಿಲ್ಲ, ಅಷ್ಟೇ ಕಾರಣ. ಒಂದೇ ಪದ ಎರಡನೆಯ ವಿಭಕ್ತಿಯಲ್ಲಿ ಕಷ್ಟ, ಏಳನೆಯದರಲ್ಲಿ ಸುಲಭ ಎಂದು ಯಾವ ಮೇಷ್ಟರೂ ಒಪ್ಪಲಾರರು.

ಹಾಗಾದರೆ ಮೂಲರೂಪವನ್ನಷ್ಟೇ ಎಣಿಸೋಣ, ಮನೆ, ಮನೆಗೆ, ಮನೆಯಿಂದ, ಮನೆಯಲ್ಲೇ ಎಲ್ಲವನ್ನೂ ಮನೆಯೊಳಗೇ ಸೇರಿಸೋಣ ಎನ್ನಬಹುದು. ಅದು ಸರಿಯಾದ ಹೆಜ್ಜೆ. ಪ್ರತ್ಯಯಗಳು ಕಡಿಮೆಯಿರುವ ಇಂಗ್ಲಿಷಿನಲ್ಲೂ ಪಟ್ಟಿ ಮಾಡಿದವರು ಬಹುವಚನ, ಭೂತಕಾಲದ ರೂಪಗಳನ್ನು ಮೂಲಪದದೊಂದಿಗೇ ಎಣಿಸುವ ನಿಯಮ ಇಟ್ಟುಕೊಂಡಿದ್ದಾರೆ. ಹಾಗೆ ಮಾಡಿದೊಡನೆ ಇನ್ನೊಂದು ತಪ್ಪು ನುಸುಳುತ್ತದೆ. "ಬರುತ್ತಿದ್ದುದರಿಂದ" ಎಂಬುದರ ಮೂಲ "ಬರು". ಇದಕ್ಕಿಂತ ಪರಿಚಿತ ಧಾತು ಕನ್ನಡದಲ್ಲಿ ಸಿಕ್ಕುವುದು ಕಷ್ಟ. ಆದರೆ ಪಾಠಕ್ಕೆ ಮೊದಲು ಅವಳು ಮೂಲ ರೂಪವನ್ನು ಐದಾರು ಮಕ್ಕಳಿಗೆ ಓದಲು ಕೊಟ್ಟಿದ್ದಳು. ಅವರೆಲ್ಲರೂ ಎಡವಿದ್ದು ಆ ಪದದಲ್ಲೇ. "ಬರುತ್ತಿದ್ದು" ಎಂದು ನಿಲ್ಲಿಸಿ, "ದರಿಂದ" ಎಂಬುದನ್ನು ಬೇರೆ ಪದವೆಂಬಂತೆ ಓದಿದರು. ಕಾರಣ ಹೇಳಲು ಆ ಮಕ್ಕಳು ಮಾತಿನಲ್ಲಿ ಆ ರೂಪವನ್ನು ಬಳಸುವುದಿಲ್ಲ. "ಮಳೆ ಬರ್ತಿತ್ತು, ಅದಕ್ಕೇ" ಎನ್ನುತ್ತಾರೆ. ಧಾತು ಸುಲಭ, ಬಾಲ ಅಪರಿಚಿತ. ಆದ್ದರಿಂದ ಅಪರೂಪತೆಗೆ ಮೂಲಪದವನ್ನು ನೋಡಬೇಕು, ಬರಹದಲ್ಲಿ ಮಾತ್ರ ಬರುವ ಬಾಲಗಳನ್ನು ಬೇರೆಯಾಗಿ ಗುರುತಿಸಿಕೊಳ್ಳಬೇಕು. ಒಂದರಲ್ಲಿ ಇನ್ನೊಂದನ್ನು ಬೆರೆಸಿದರೆ ಎರಡೂ ಕಾಣದಂತಾಗುತ್ತವೆ.

ಪಟ್ಟಿಗೆ ಇನ್ನೊಂದು ದೋಷವಿದೆ. ನಮ್ಮ ಪಟ್ಟಿಯಲ್ಲಿ "ಒಂಟೆ" ಬಹಳ ಮೇಲಿತ್ತು, "ಚಕ್ಕುಲಿ" ಅಪರೂಪಗಳ ಸಾಲಿನಲ್ಲಿತ್ತು. ಹುಡುಕಿ ನೋಡಿದರೆ ಒಂಟೆಗಳೆಲ್ಲ ಒಂದೇ ಕಥೆಯಲ್ಲಿ ಮೇಯುತ್ತಿದ್ದವು. ಎಷ್ಟು ಬಾರಿ ಬಂತು ಎಂಬುದಕ್ಕಿಂತ ಎಷ್ಟು ಬೇರೆ ಬೇರೆ ಬರಹಗಳಲ್ಲಿ ಬಂತು ಎಂದು ಕೇಳಿದ್ದರೆ ಇದು ಮೊದಲೇ ತಿಳಿಯುತ್ತಿತ್ತು. ಎಡ್ವರ್ಡ್ ಥಾರ್ನ್‌ಡೈಕ್ 1921ರಲ್ಲಿ ಶಿಕ್ಷಕರಿಗಾಗಿ 10,000 ಇಂಗ್ಲಿಷ್ ಪದಗಳ ಪುಸ್ತಕ ಮಾಡಿದಾಗಲೇ ಈ ಎರಡನ್ನೂ ಸೇರಿಸಿ ಪದಕ್ಕೆ ಅಂಕ ಕೊಟ್ಟಿದ್ದರು. ಪಟ್ಟಿಯನ್ನು ದೊಡ್ಡದು ಮಾಡಲು ಪತ್ರಿಕೆಗಳನ್ನು ಸೇರಿಸಿದರೆ ಇನ್ನೂ ಕೆಡುತ್ತದೆ. ಆಗ "ಆರೋಪಿ", "ಸಚಿವ", "ಜಿಲ್ಲಾಧಿಕಾರಿ" ಇವು ಸುಲಭ ಪದಗಳಾಗಿ, "ಹಲ್ಲಿ", "ಜೋಕಾಲಿ" ಕಷ್ಟದ ಪದಗಳಾಗುತ್ತವೆ. ಊರು ಬದಲಾದರೂ ಅಷ್ಟೇ. ಇಲ್ಲಿನ ಮಕ್ಕಳಿಗೆ "ಮುಂಜಾನೆ" ಪುಸ್ತಕದ ಪದ, ಧಾರವಾಡದ ಕಡೆ ಅದು ದಿನನಿತ್ಯದ್ದು. ನಮ್ಮ "ಕೊಟ್ಟಿಗೆ" ಕರಾವಳಿಯಲ್ಲಿ "ಹಟ್ಟಿ".

ಈ ಗೊಂದಲದಿಂದ ಹೊರಬರುವ ದಾರಿಯನ್ನು ಎಡ್ಗರ್ ಡೇಲ್ ಮತ್ತು ಜೀನ್ ಚಾಲ್ ಅವರ 1948ರ ಸೂತ್ರದಲ್ಲಿ ಕಾಣಬಹುದು. ಅವರ ಸುಮಾರು 3,000 ಪದಗಳ ಪಟ್ಟಿ, ಪುಸ್ತಕಗಳಲ್ಲಿ ಪದ ಎಷ್ಟು ಬಾರಿ ಬಂತೆಂಬ ಎಣಿಕೆಯಿಂದ ಆದದ್ದಲ್ಲ. ನಾಲ್ಕನೆಯ ತರಗತಿಯ ಮಕ್ಕಳನ್ನು ಕೇಳಿ, ನೂರಕ್ಕೆ 80 ಮಂದಿಗಾದರೂ ಗೊತ್ತಿರುವ ಪದಗಳನ್ನು ಪಟ್ಟಿಗೆ ಸೇರಿಸಿದರು. ಅಂಥ ಪಟ್ಟಿ ಮಾಡಲು ಕಂಪ್ಯೂಟರ್ ಬೇಡ, ಮಕ್ಕಳು ಬೇಕು. ಪ್ರತಿ ವರ್ಷ ಇಷ್ಟೊಂದು ಅಭ್ಯಾಸ ಶಾಲೆಗಳಿಗೆ ಹೋಗಿಬರುವ ನಮಗೆ ಮಕ್ಕಳಿಗೆ ಕೊರತೆಯಿಲ್ಲ. 25 ಮಕ್ಕಳ ತರಗತಿಯಲ್ಲಿ 20 ಮಂದಿಗೆ ಗೊತ್ತಿದ್ದರೆ ಪದ ಪಟ್ಟಿಗೆ ಬಂತು.

ಕೇಳುವ ರೀತಿ ಮಾತ್ರ ಮುಖ್ಯ. "ಕೊಟ್ಟಿಗೆ ಅಂದ್ರೆ ಗೊತ್ತಾ?" ಎಂದರೆ ಇಡೀ ತರಗತಿ "ಗೊತ್ತು ಮಿಸ್" ಎನ್ನುತ್ತದೆ. ಅರ್ಥ ಹೇಳಿ ಎಂದರೆ ಗೊತ್ತಿರುವವರೂ ತಡವರಿಸುತ್ತಾರೆ, ಏಕೆಂದರೆ ಅರ್ಥ ಹೇಳುವುದು ಬೇರೆಯದೇ ಕೌಶಲ. "ಕೊಟ್ಟಿಗೆಯಲ್ಲಿ ಯಾರಿರ್ತಾರೆ?" ಎಂದು ಒಬ್ಬೊಬ್ಬರನ್ನೇ ಕರೆದು ಕೇಳಬೇಕು. "ಹಸು" ಎಂದರೆ ಗೊತ್ತಿದೆ, "ಹುಲಿ" ಎಂದರೆ ಇಲ್ಲ. ಒಂದು ಮಗುವಿಗೆ ಹತ್ತು ಪದ ಕೇಳಲು ನಾಲ್ಕೈದು ನಿಮಿಷ ಸಾಕು.

ನನ್ನ ಸಹೋದ್ಯೋಗಿಯೊಬ್ಬರು ಇದನ್ನೆಲ್ಲ ಕೇಳಿ ಒಪ್ಪಲಿಲ್ಲ. "ಮೇಡಂ, ಒಂದು ಸಂಜೆಗೆ 40 ದಾಖಲೆ ಪುಸ್ತಕ ನೋಡಬೇಕು. ಅಂಕಿಯಿದ್ದರೆ ಎಲ್ಲರಿಗೂ ಒಂದೇ ನ್ಯಾಯ. ಅದು ಹೋದರೆ ಇದು ಮೂರನೇ ಕ್ಲಾಸಿಗೆ ಅನ್ನಿಸುತ್ತೆ, ಇದು ಐದಕ್ಕೆ ಅನ್ನಿಸುತ್ತೆ ಅಂತ ಅನಿಸಿಕೆಯ ಮೇಲೆ ಅಂಕ ಹಾಕಬೇಕಾಗುತ್ತೆ" ಎಂದರು. ಅವರ ಮಾತಿನಲ್ಲಿ ಹುರುಳಿದೆ. ನನ್ನ ಅನಿಸಿಕೆ ಎಷ್ಟು ನಂಬಲರ್ಹವೆಂಬುದನ್ನು ಮೇಕೆಯ ಎರಡನೆಯ ರೂಪಕ್ಕೆ ಅಂಕ ಕೊಟ್ಟು ನಾನೇ ತೋರಿಸಿದ್ದೇನೆ. ಎಣಿಕೆ ಕೆಲಸಕ್ಕೆ ಬರುವ ಜಾಗವೂ ಇದೆ. ದಾನಿಗಳು ಕೊಟ್ಟ ಕಥೆಪುಸ್ತಕಗಳ ರಾಶಿಯನ್ನು ಶಾಲೆಯ ಓದುಮೂಲೆಗೆಂದು ವಿಂಗಡಿಸುವಾಗ ವಾಕ್ಯದ ಉದ್ದ ನೋಡಿ ಮೊದಲ ಗುಂಪುಗಳನ್ನು ಮಾಡಿದೆವು. ಎರಡನೆಯ ತರಗತಿಯದನ್ನೂ ಏಳನೆಯದನ್ನೂ ಅದು ಸರಿಯಾಗಿಯೇ ಬೇರ್ಪಡಿಸಿತು. ಎಡವಿದ್ದು ಅಕ್ಕಪಕ್ಕದ ತರಗತಿಗಳ ನಡುವೆ, ಮತ್ತು ಮಾತುಕತೆಯೇ ತುಂಬಿದ ಕಥೆಗಳಲ್ಲಿ. "ಬಾ." "ಎಲ್ಲಿಗೆ?" "ಅಲ್ಲಿಗೇ." ಇಂಥ ಸಾಲುಗಳಿಂದ ಸರಾಸರಿ ಪಾತಾಳಕ್ಕಿಳಿಯುತ್ತದೆ, ಯಾರು ಯಾರಿಗೆ ಹೇಳಿದರೆಂದು ಮಗುವಿಗೆ ತಿಳಿದಿರುವುದಿಲ್ಲ.

ಆದ್ದರಿಂದ ಎಣಿಕೆ ಇರಲಿ, ಗೆರೆ ಬೇಡ ಎಂಬುದು ನನ್ನ ಕೋರಿಕೆ. ಬರೆದು ಮುಗಿದ ಬರಹವನ್ನು ಎಣಿಸುವುದಕ್ಕೂ ಎಣಿಕೆಗಾಗಿ ಬರೆಯುವುದಕ್ಕೂ ವ್ಯತ್ಯಾಸವಿದೆ. ಅಂಕ ಕಟ್ಟಿದೊಡನೆ ಪ್ರಶಿಕ್ಷಣಾರ್ಥಿ ಎಣಿಕೆಗಾಗಿ ಬರೆಯತೊಡಗುತ್ತಾಳೆ. ಚೌಕದಲ್ಲಿ ಸರಾಸರಿಯ ಬದಲು ಅತ್ಯಂತ ಉದ್ದದ ವಾಕ್ಯವನ್ನೇ ಪೂರ್ತಿ ಬರೆಯಲಿ. ನಾಲ್ಕು ವಾಕ್ಯ ಮೂರು ಮೂರು ಪದದ್ದಾಗಿ, ಐದನೆಯದು 18 ಪದದ್ದಾದರೂ ಸರಾಸರಿ 6 ಎಂದೇ ಬರುತ್ತದೆ, ಮಗು ನಿಲ್ಲುವುದು ಆ 18ರ ಮುಂದೆ. ಆ ವಾಕ್ಯದಲ್ಲಿ ಎಷ್ಟು ಕರ್ತೃಗಳಿದ್ದಾರೆ ಎಂದು ಪಕ್ಕದಲ್ಲಿ ಬರೆಯಲಿ. ಅದರ ಕೆಳಗೆ, ಐದು ಮಕ್ಕಳಿಗೆ ಓದಿಸಿ ಒಂದು "ಏಕೆ" ಮತ್ತು ಒಂದು "ಹೇಗೆ" ಪ್ರಶ್ನೆ ಕೇಳಿದಾಗ ಬಂದ ಉತ್ತರಗಳನ್ನು ಮಕ್ಕಳ ಮಾತಿನಲ್ಲೇ ಬರೆಯಲಿ. ನನ್ನ ಸಹೋದ್ಯೋಗಿ ಅದನ್ನೂ ಒಂದು ನಿಮಿಷದಲ್ಲಿ ನೋಡಬಹುದು.

ಮೇಕೆಯ ಕಥೆಗೆ ಮೂರನೆಯ ರೂಪವೂ ಬಂತು. ಅವಳು ಮೊದಲ ರೂಪಕ್ಕೇ ಮರಳಿ, ಮೊದಲ ವಾಕ್ಯವನ್ನು ಮಾತ್ರ ಬದಲಾಯಿಸಿದಳು: "ಮಳೆ ಜೋರಾಗಿ ಬರುತ್ತಿತ್ತು, ಅದಕ್ಕೇ ಅಜ್ಜಿ ಮೇಕೆಯನ್ನು ಕೊಟ್ಟಿಗೆಯಲ್ಲಿ ಕಟ್ಟಿ ಬಂದಳು." ಒಂದು ಪದ ಹೆಚ್ಚಾಯಿತು. 26 ಪದ, ಸರಾಸರಿ 8.7. ಮೂರು ರೂಪಗಳಲ್ಲಿ ನನ್ನ ಚೌಕದ ಪ್ರಕಾರ ಇದೇ ಅತ್ಯಂತ ಕಷ್ಟದ್ದು. ಇನ್ನೊಂದು ವಿಭಾಗದ ಮಕ್ಕಳಿಗೆ ಅದನ್ನು ಓದಿಸಿ ಅದೇ ಪ್ರಶ್ನೆ ಕೇಳಿದಾಗ ಮುಕ್ಕಾಲು ಪಾಲು ಮಕ್ಕಳು ಹಗ್ಗ ಹಳೆಯದಾಗಿತ್ತೆಂದೇ ಹೇಳಿದರು. ಬೇರೆ ವಿಭಾಗ, ಬೇರೆ ಮಕ್ಕಳು, ಅವಳಿಗೂ ಅದು ಎರಡನೆಯ ಸಲದ ಪಾಠ. ಇದನ್ನು ಪ್ರಯೋಗವೆಂದು ಕರೆಯಲಾರೆ. ಆದರೆ ಆ ಪುಟದಲ್ಲಿ ನಾನು ಹಾಕಿದ ಕೆಂಪು ಸುತ್ತನ್ನು ಹೊಡೆದುಹಾಕಿ ಸಹಿ ಮಾಡಿದ್ದೇನೆ.

ಮುಂದಿನ ಸುತ್ತಿನಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಗೂ ಹತ್ತು ಪದ ಹಂಚೋಣ. ತಮ್ಮ ಅಭ್ಯಾಸ ಶಾಲೆಯ ಮೂರನೆಯ ತರಗತಿಯಲ್ಲಿ ಕೇಳಿಕೊಂಡು ಬರಲಿ. ಯಾವ ಊರಿನ ಶಾಲೆ ಎಂಬುದನ್ನೂ ಪದದ ಎದುರು ಬರೆಯಲು ಮರೆಯಬಾರದು. ಮೊದಲ ನೂರು ಪದಗಳ ಚೀಟಿಗಳನ್ನು ನಾನು ಈಗಾಗಲೇ ಬರೆದು ಕನ್ನಡ ವಿಭಾಗದ ಬೀರುವಿನ ಮೇಲಿನ ಅರೆಯಲ್ಲಿಟ್ಟಿದ್ದೇನೆ.